ಹುಣಸೆಹಣ್ಣು ಹಚ್ಚಿದರೆ ತಾಮ್ರ ಯಾಕೆ ಹೊಳೆಯುತ್ತೆ, ಮಾರನೇ ದಿನ ಯಾಕೆ ಮಂಕಾಗುತ್ತೆ?

ಹಬ್ಬ ಹತ್ತಿರ ಬಂತೆಂದರೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಮೂರೇ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದಾಗ ಚೆನ್ನಾಗಿ ಹೊಳೆಯಿತು, ಮಾರನೇ ದಿನಕ್ಕೇ ಮತ್ತೆ ಮಂಕಾಯಿತು, ಯಾಕೆ? ಹಿತ್ತಾಳೆ ದೀಪವನ್ನು ನಿಂಬೆರಸದಲ್ಲಿ ನೆನೆಹಾಕಿದ್ದೆ, ಹಳದಿ ಹೋಗಿ ಕೆಂಪು ಕೆಂಪಾಗಿದೆ, ಏನು ಮಾಡಲಿ? ಎಷ್ಟು ಹಚ್ಚಿದರೂ ಕೆಲವು ಕಲೆ ಹೋಗುವುದೇ ಇಲ್ಲ, ಇನ್ನೂ ಜಾಸ್ತಿ ಹೊತ್ತು ಬಿಡಬೇಕಾ?

ಹುಳಿ ಯಾವುದನ್ನು ಕರಗಿಸುತ್ತದೆ, ಯಾವುದನ್ನು ಕರಗಿಸುವುದಿಲ್ಲ ಅನ್ನುವುದು ಗೊತ್ತಾದರೆ ಈ ಮೂರಕ್ಕೂ ಉತ್ತರ ಸಿಗುತ್ತದೆ. ಹಾಗಾಗಿ ಮೊದಲು ಅದನ್ನು ನೋಡೋಣ, ಆಮೇಲೆ ತೊಳೆಯುವ ಕ್ರಮಕ್ಕೆ ಬರೋಣ.

ಪಾತ್ರೆಯ ಮೇಲೆ ಕೂತಿರುವುದು ಏನು?

ತಾಮ್ರ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ನಿಧಾನವಾಗಿ ಸೇರುತ್ತದೆ. ಮೊದಲು ಹುಟ್ಟುವುದು ಕೆಂಪು ಮಿಶ್ರಿತ ಕಂದು ಬಣ್ಣದ ಪದರ. ರಸಾಯನಶಾಸ್ತ್ರದಲ್ಲಿ ಇದು ಕ್ಯುಪ್ರಸ್ ಆಕ್ಸೈಡ್, Cu₂O. ಆಕ್ಸೈಡ್ ಅಂದರೆ ಲೋಹ ಮತ್ತು ಆಮ್ಲಜನಕ ಸೇರಿ ಆದ ವಸ್ತು, ಅಷ್ಟೇ. ಬಿಸಿ ತಾಗಿದರೆ ಅಥವಾ ಬಹಳ ದಿನ ಹಾಗೇ ಬಿಟ್ಟರೆ ಇನ್ನಷ್ಟು ಆಮ್ಲಜನಕ ಸೇರಿ ಕಪ್ಪು ಬಣ್ಣದ ಕ್ಯುಪ್ರಿಕ್ ಆಕ್ಸೈಡ್, CuO, ಆಗುತ್ತದೆ. ತೇವ ಇದ್ದ ಕಡೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕೂಡ ಸೇರಿಕೊಂಡು ಹಸಿರು ಕಿಲುಬು ಹುಟ್ಟುತ್ತದೆ. ಅದು ತಾಮ್ರದ ಕಾರ್ಬೊನೇಟ್.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಮನೆಯಲ್ಲಿರುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಪಾಲು ಸತು ಇರುತ್ತದೆ. ಅಲ್ಲಿ ಎರಡೂ ಲೋಹಗಳ ಆಕ್ಸೈಡ್ ಸೇರಿ ಮಂಕು ಕಂದು ಬಣ್ಣ ಬರುತ್ತದೆ. ಈ ಸತು ಮುಂದೆ ತೊಂದರೆ ಕೊಡುವ ಪಾತ್ರ, ನೆನಪಿಟ್ಟುಕೊಳ್ಳಿ.

ಹುಳಿ ಮಾಡುವ ಕೆಲಸ

ಹುಣಸೆಹಣ್ಣಿನ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು, ನಿಂಬೆಯದು ಸಿಟ್ರಿಕ್ ಆಮ್ಲದ್ದು. ಆಮ್ಲ ನೀರಿನಲ್ಲಿ H⁺ ಅನ್ನುವ ಕಣಗಳನ್ನು ಬಿಡುತ್ತದೆ. ಆಕ್ಸೈಡಿನಲ್ಲಿರುವ ಆಮ್ಲಜನಕವನ್ನು ಈ H⁺ ಎಳೆದುಕೊಂಡು ನೀರಾಗುತ್ತದೆ. ಜೊತೆಗಾರನನ್ನು ಕಳೆದುಕೊಂಡ ತಾಮ್ರ ನೀರಿನಲ್ಲಿ ಕರಗಿಹೋಗುತ್ತದೆ.

```
CuO + 2H⁺ → Cu²⁺ + H₂O
```

ಕಪ್ಪು ಪದರ ಹೋಗುವುದು ಹೀಗೆ. ಬಿಳಿ ಬಟ್ಟಲಿನಲ್ಲಿ ನಿಂಬೆರಸ ಹಾಕಿ ಕಪ್ಪಾದ ತಾಮ್ರದ ತುಂಡನ್ನು ಸ್ವಲ್ಪ ಹೊತ್ತು ಮುಳುಗಿಸಿಡಿ. ರಸಕ್ಕೆ ತಿಳಿ ನೀಲಿ-ಹಸಿರು ಛಾಯೆ ಬರುತ್ತದೆ. ಅದು ಕರಗಿ ಬಂದ ತಾಮ್ರ. ಹುಣಸೆ ರಸದಲ್ಲೂ ಇದೇ ಆಗುತ್ತದೆ, ಅದರ ಕಂದು ಬಣ್ಣದಲ್ಲಿ ನಮಗೆ ಕಾಣುವುದಿಲ್ಲ.

ಕೆಂಪು-ಕಂದು ಪದರದ ಕತೆ ಸ್ವಲ್ಪ ಬೇರೆ.

```
Cu₂O + 2H⁺ → Cu + Cu²⁺ + H₂O
```

ಬಲಗಡೆ ನೋಡಿ. ಅರ್ಧ ತಾಮ್ರ ಕರಗುತ್ತದೆ, ಇನ್ನರ್ಧ ಮತ್ತೆ ಲೋಹವಾಗಿ ಪಾತ್ರೆಯ ಮೇಲೇ ಉಳಿಯುತ್ತದೆ. ಆದರೆ ಅದು ನುಣುಪಾದ ತಗಡಾಗಿ ಉಳಿಯುವುದಿಲ್ಲ, ಬಹಳ ಸಣ್ಣ ಪುಡಿಯಾಗಿ ಅಂಟಿಕೊಂಡಿರುತ್ತದೆ. ಹುಳಿ ಹಚ್ಚಿ ಸುಮ್ನೆ ತೊಳೆದರೆ ತಾಮ್ರ ಗುಲಾಬಿ ಬಣ್ಣಕ್ಕೆ ಬರುತ್ತದೆ, ಆದರೆ ಕನ್ನಡಿಯ ಹೊಳಪು ಬರುವುದಿಲ್ಲ ಅಲ್ವಾ? ಕಾರಣ ಈ ಪುಡಿ. ಹೊಳಪಿಗೆ ಕೊನೆಯಲ್ಲಿ ಒಂದು ಸಲ ಕೈಯಾಡಿಸಿ ಉಜ್ಜಲೇಬೇಕು.

ಬರೀ H⁺ ಸಾಕಾಗುವುದಾಗಿದ್ದರೆ ಯಾವ ಹುಳಿಯಾದರೂ ಇಷ್ಟೇ ಚೆನ್ನಾಗಿ ಕೆಲಸ ಮಾಡಬೇಕಿತ್ತು. ವಿನೆಗರ್ ಹಚ್ಚಿ ನೋಡಿದವರಿಗೆ ಗೊತ್ತು, ಅದು ನಿಧಾನ. ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳಿಗೆ ಇನ್ನೊಂದು ಶಕ್ತಿ ಇದೆ. ಕರಗಿದ ತಾಮ್ರವನ್ನು ಅವು ಎರಡು ಮೂರು ಕಡೆಯಿಂದ ಹಿಡಿದುಕೊಳ್ಳುತ್ತವೆ, ಏಡಿ ತನ್ನ ಕೊಂಡಿಯಲ್ಲಿ ಹಿಡಿದ ಹಾಗೆ. ಹಿಡಿದ ತಾಮ್ರ ಮತ್ತೆ ಪಾತ್ರೆಯ ಮೇಲೆ ಕೂರಲಾರದು. ಪಿಯುಸಿ ಲ್ಯಾಬಿನ ಫೆಹ್ಲಿಂಗ್ ದ್ರಾವಣ ನೆನಪಿದೆಯಾ? ಅದರ ಕಡು ನೀಲಿ ತಿಳಿಯಾಗಿ ಉಳಿಯುವುದು ಟಾರ್ಟಾರಿಕ್ ಆಮ್ಲದ ಲವಣದಿಂದ. ಅದಿಲ್ಲದಿದ್ದರೆ ಆ ಕ್ಷಾರದಲ್ಲಿ ತಾಮ್ರ ಗಷ್ಟಾಗಿ ತಳಕ್ಕೆ ಇಳಿಯುತ್ತಿತ್ತು.

ಇನ್ನು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಕೆಂಪು-ಕಂದು ಪದರದ ತಾಮ್ರವನ್ನು ಹಿಡಿದು ಕರಗಿಸಲು ನೆರವಾಗುತ್ತದೆ. ಹಾಗಾಗಿ ಚಿಟಿಕೆ ಉಪ್ಪು ಸೇರಿಸಿದ ಕೂಡಲೇ ಕೆಲಸ ಚುರುಕಾಗುತ್ತದೆ. ಅದೇ ಉಪ್ಪು ಪಾತ್ರೆಯ ಸಂದಿಯಲ್ಲಿ ಉಳಿದರೆ ಏನಾಗುತ್ತದೆ ಅನ್ನುವುದನ್ನು 5ನೇ ಹಂತದಲ್ಲಿ ಹೇಳುತ್ತೇನೆ.

ಈಗ ಮುಖ್ಯವಾದ ಮಾತು. ಆಕ್ಸೈಡ್ ಪದರದಷ್ಟು ಸುಲಭವಾಗಿ ಅದರ ಕೆಳಗಿನ ತಾಮ್ರವನ್ನು ಹುಳಿ ಕರಗಿಸಲಾರದು. ಗಾಳಿ ಇಲ್ಲದಿದ್ದರೆ ಶುದ್ಧ ತಾಮ್ರ ನಿಂಬೆರಸದಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಆದ್ದರಿಂದ ಕೆಲಸ ತಾನಾಗಿ ನಿಲ್ಲುವ ಹಂತ ಒಂದಿದೆ: ಪದರ ಹೋದ ಗಳಿಗೆ. ಅದಾದ ಮೇಲೂ ಹುಳಿಯನ್ನು ಬಿಟ್ಟರೆ ಲಾಭವಿಲ್ಲ, ನಷ್ಟ ಶುರುವಾಗುತ್ತದೆ.

ಬೇಕಾಗುವ ಸಾಮಾನು

ಒಂದು ಲೀಟರಿನ ತಾಮ್ರದ ಚೊಂಬು ಮತ್ತು ಗೇಣುದ್ದದ ಒಂದು ಹಿತ್ತಾಳೆ ದೀಪ, ಇವೆರಡನ್ನು ಇಟ್ಟುಕೊಂಡು ಹೇಳುತ್ತೇನೆ. ನಿಂಬೆಗಾತ್ರದ ಹುಣಸೆಹಣ್ಣು (ಸುಮಾರು 25–30 ಗ್ರಾಂ), ಒಂದು ನಿಂಬೆಹಣ್ಣು, ಒಂದು ಚಮಚ ಪುಡಿ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್, ಎರಡು ಒಣ ಹತ್ತಿ ಬಟ್ಟೆ. ಬಟ್ಟೆಯಲ್ಲಿ ಜರಡಿ ಹಿಡಿದ ಸೌದೆ ಒಲೆಯ ಬೂದಿ ಸಿಕ್ಕಿದರೆ ಬಹಳ ಒಳ್ಳೆಯದು. ಹುಣಸೆ ಹೊಸದೇ ಆಗಬೇಕಿಲ್ಲ. ಕಪ್ಪಾಗಿ ಅಡುಗೆಗೆ ಬೇಡವಾದ ಹಳೆಯದು, ಸಾರಿಗೆ ಕಿವುಚಿ ಉಳಿದ ಗಸಿ, ಎರಡೂ ನಡೆಯುತ್ತವೆ. ಹುಳಿ ಹಳತಾದರೂ ಅದರಲ್ಲೇ ಇರುತ್ತದೆ.

1. ಮೊದಲು ಒಂದು ಹನಿ ಹಾಕಿ ನೋಡಿ

ಕಲೆ ಯಾವುದರದ್ದು ಅಂತ ತಿಳಿಯದೆ ಹುಳಿ ಸುರಿಯಬೇಡಿ. ಕಪ್ಪಾದ ಜಾಗದ ಮೇಲೆ ಒಂದು ಹನಿ ನಿಂಬೆರಸ, ನಾಲ್ಕು ಹರಳು ಉಪ್ಪು ಹಾಕಿ ಅರ್ಧ ನಿಮಿಷ ಬಿಟ್ಟು ಒರೆಸಿ. ಹನಿ ಇದ್ದಷ್ಟೇ ಜಾಗ ಗುಲಾಬಿ ಅಥವಾ ಹಳದಿ ಬಿಟ್ಟರೆ ಅದು ಆಕ್ಸೈಡ್, ಹುಳಿಯಿಂದ ಹೋಗುತ್ತದೆ.

ಹನಿ ಹರಡದೆ ಮುತ್ತಿನ ಹಾಗೆ ನಿಂತರೆ ಅಲ್ಲಿ ಜಿಡ್ಡು ಇದೆ, ಇಲ್ಲವೇ ಕಾರ್ಖಾನೆಯಲ್ಲಿ ಬಳಿದ ಪಾರದರ್ಶಕ ವಾರ್ನಿಶ್ ಇದೆ. ಹೊಸ ಅಲಂಕಾರದ ಹಿತ್ತಾಳೆ ಸಾಮಾನಿಗೆ ಈ ವಾರ್ನಿಶ್ ಸಾಮಾನ್ಯ. ಅದು ಗಟ್ಟಿ ಇರುವಷ್ಟು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಲ್ಲಲ್ಲಿ ಎದ್ದಿದ್ದರೆ ಎದ್ದ ಕಡೆ ಮಾತ್ರ ಹುಳಿ ತಾಗಿ ಚುಕ್ಕೆ ಚುಕ್ಕೆಯಾಗುತ್ತದೆ. ಅಂಥದ್ದನ್ನು ಥಿನ್ನರ್‌ನಿಂದ ಪೂರ್ತಿ ತೆಗೆದ ಮೇಲೆ ಮುಂದುವರಿಯಿರಿ.

ಹನಿ ಚೆನ್ನಾಗಿ ಹರಡಿಯೂ ಬಣ್ಣ ಬದಲಾಗದಿದ್ದರೆ ಅದು ಮಸಿ ಅಥವಾ ತಾಮ್ರದ ಸಲ್ಫೈಡ್. ಮಸಿ ಬರೀ ಇಂಗಾಲ, ಅದಕ್ಕೂ ಹುಳಿಗೂ ಸಂಬಂಧವಿಲ್ಲ. ಸಲ್ಫೈಡ್ ಅಂದರೆ ಗಂಧಕ ಸೇರಿ ಆದ ಕಪ್ಪು. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ತಾಗಿದ ಕಡೆ ಬರುತ್ತದೆ. ಮನೆಯ ಹುಳಿಗೆ ಅದು ಕರಗುವುದಿಲ್ಲ. ಇವೆರಡಕ್ಕೂ ಬೂದಿಯಲ್ಲಿ ತಿಕ್ಕುವುದೇ ದಾರಿ. ರಾತ್ರಿಯೆಲ್ಲ ಹುಳಿಯಲ್ಲಿ ಬಿಟ್ಟರೂ ಈ ಕಲೆ ಜಗ್ಗುವುದಿಲ್ಲ, ಸುತ್ತಲಿನ ಒಳ್ಳೆಯ ಲೋಹ ಮಾತ್ರ ಸವೆಯುತ್ತದೆ.

2. ಜಿಡ್ಡು ಪೂರ್ತಿ ತೆಗೆಯಿರಿ

ದೀಪದಲ್ಲಿ ಬಹಳ ಜನ ಎಡವುವುದು ಇಲ್ಲೇ. ಎಣ್ಣೆ ಬಟ್ಟಲಿನ ತಳದಲ್ಲಿ ಕೂತ ಹಸಿರು ಲೋಳೆಯನ್ನು ಕಿಲುಬು ಅಂದುಕೊಂಡು ನೇರ ಹುಣಸೆಹಣ್ಣು ಹಚ್ಚುತ್ತಾರೆ. ಎಣ್ಣೆ ಹಳತಾದಾಗ ಅದರಲ್ಲಿ ಕೊಬ್ಬಿನ ಆಮ್ಲಗಳು ಬಿಡುಗಡೆಯಾಗಿ ತಾಮ್ರದ ಜೊತೆ ಸೇರುತ್ತವೆ. ಆ ಹಸಿರು ಲೋಳೆ ತಾಮ್ರದಿಂದ ಆದ ಒಂದು ಬಗೆಯ ಸಾಬೂನು. ಅದು ನೀರಿಗೆ ಜಗ್ಗುವುದಿಲ್ಲ, ಹುಣಸೆ ರಸವನ್ನು ಲೋಹದ ಹತ್ತಿರ ಬಿಡುವುದೂ ಇಲ್ಲ.

ಮೊದಲು ಹಳೆಯ ಕಾಗದದಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಬಿಸಿನೀರು, ಸೋಪು, ಬ್ರಷ್. ಬತ್ತಿಯ ಮೂಗಿನ ಹತ್ತಿರ ಅಂಟಂಟಾಗಿ ಒಣಗಿದ ಕಂದು ಎಣ್ಣೆ ಇದ್ದರೆ ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ ಹತ್ತು ನಿಮಿಷ ಮುಳುಗಿಸಿಡಿ. ಕೈಗೆ ಗ್ಲೌಸ್ ಇರಲಿ. ತೊಳೆದ ಮೇಲೆ ನೀರು ಮೈಮೇಲೆ ಹನಿಗಟ್ಟದೆ ಹಾಳೆಯ ಹಾಗೆ ಹರಿದರೆ ಜಿಡ್ಡು ಹೋಗಿದೆ ಅಂತ ಅರ್ಥ.

3. ಹುಳಿ ತಯಾರು ಮಾಡಿ

ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಕಿವುಚಿ. ಬೀಜ ಮತ್ತು ಗಟ್ಟಿ ಸಿಪ್ಪೆ ತೆಗೆಯಿರಿ, ಇವು ಗೀರು ಹಾಕುತ್ತವೆ. ನಾರು ಇರಲಿ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಬರಬೇಕು. ಚೊಂಬಿಗೆ ಬೇಕಾದ ಪಾಲಿಗೆ ಅರ್ಧ ಚಮಚ ಉಪ್ಪು ಸೇರಿಸಿ.

ಹುಣಸೆಯೋ ನಿಂಬೆಯೋ? ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ವ್ಯತ್ಯಾಸ ಇರುವುದು ಅಂಟಿನಲ್ಲಿ. ಹುಣಸೆ ಗಸಿ ಚೊಂಬಿನ, ಬಿಂದಿಗೆಯ ಉಬ್ಬಿದ ಪಕ್ಕಕ್ಕೆ ಮೆತ್ತಿಕೊಂಡು ನಿಲ್ಲುತ್ತದೆ. ನಿಂಬೆರಸ ಜಾರಿ ಕೆಳಗೆ ಸುರಿದುಹೋಗುತ್ತದೆ. ಆದರೆ ದೀಪದ ಕೆತ್ತನೆ, ಗಂಟೆಯ ಹಿಡಿ, ಹೂಬಳ್ಳಿಯ ಸಂದಿ, ಇಂಥ ಕಡೆ ಹುಣಸೆ ನಾರು ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಅಲ್ಲಿ ನಿಂಬೆರಸವೇ ಮೇಲು, ಉಪ್ಪು ಬೇಡ.

ಒಂದು ಎಚ್ಚರಿಕೆ. ಹುಳಿಗೇ ಅಡುಗೆ ಸೋಡಾ ಸೇರಿಸಿ ಅಂತ ಹೇಳುವ ವಿಡಿಯೋಗಳು ತುಂಬಾ ಇವೆ. ಬುರುಬುರು ನೊರೆ ಬರುತ್ತದೆ, ಏನೋ ಜೋರು ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ನಡೆಯುತ್ತಿರುವುದು ಇಷ್ಟೇ: ಸೋಡಾ ಹುಳಿಯನ್ನು ಕೊಲ್ಲುತ್ತಿದೆ. ನೊರೆ ಬರೀ ಇಂಗಾಲದ ಡೈಆಕ್ಸೈಡ್. ಸೋಡಾಕ್ಕೂ ಬೂದಿಗೂ ಸರದಿ ಆಮೇಲೆ ಬರುತ್ತದೆ.

4. ಹಚ್ಚಿ, ಕಾಯಿರಿ, ನೋಡುತ್ತಿರಿ

ಚೊಂಬಿಗೆ ಗಸಿಯನ್ನು ಮೇಲಿಂದ ಕೆಳಗೆ ಒಂದೇ ಸಮ ಮೆತ್ತಿ. ಸಾಧಾರಣ ಮಂಕಿಗೆ ಒಂದೆರಡು ನಿಮಿಷ ಸಾಕು. ಬೆರಳಿಂದ ಒಂದು ಕಡೆ ಸರಿಸಿ ನೋಡಿ, ಬಣ್ಣ ಬಿಟ್ಟಿದ್ದರೆ ಮುಗಿಯಿತು. ತೀರಾ ಕಪ್ಪಾಗಿದ್ದರೆ ತೊಳೆದು ಹೊಸ ಗಸಿ ಹಚ್ಚಿ ಇನ್ನೆರಡು ನಿಮಿಷ ಬಿಡಿ. ಒಂದೇ ಸಲ ಅರ್ಧ ಗಂಟೆ ಬಿಡುವುದಕ್ಕಿಂತ ಎರಡು ಮೂರು ಸಲ ಹೊಸದಾಗಿ ಹಚ್ಚುವುದು ಒಳ್ಳೆಯದು. ಯಾಕೆಂದರೆ ಹಚ್ಚಿದ ಗಸಿಯ ಹುಳಿ ತಾಮ್ರ ಹಿಡಿದು ಹಿಡಿದು ತೀರಿಹೋಗುತ್ತದೆ. ಗಸಿ ಒಣಗಲು ಮಾತ್ರ ಬಿಡಬೇಡಿ. ಒಣಗಿದ ಅಂಚಿನಲ್ಲಿ ಕರಗಿದ ತಾಮ್ರ ಮತ್ತೆ ಗಟ್ಟಿಯಾಗಿ ನಕ್ಷೆಯ ಗೆರೆಯಂಥ ಕಲೆ ಬಿಡುತ್ತದೆ.

ಅರ್ಧ ಮುಳುಗಿಸಿ ಇಡುವುದೂ ಬೇಡ. ನೀರು, ಗಾಳಿ, ಲೋಹ ಮೂರೂ ಸೇರುವ ಮಟ್ಟದಲ್ಲಿ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ಅಲ್ಲಿ ಲೋಹವೂ ಆಕ್ಸೈಡಾಗಿ ಕರಗುತ್ತಾ ಹೋಗಿ ಪಾತ್ರೆಯ ಸುತ್ತ ಒಂದು ಗೆರೆ ಕೊರೆದುಬಿಡುತ್ತದೆ. ಆ ಗೆರೆ ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಹಿತ್ತಾಳೆಗೆ ಇನ್ನೂ ಅವಸರ ಬೇಕು. ಬ್ರಷ್ ನಿಂಬೆರಸದಲ್ಲಿ ಅದ್ದಿ ಉಜ್ಜಿ, ಒಂದು ನಿಮಿಷದೊಳಗೆ ನೀರು ಹಾಕಿ. ಸತು ತಾಮ್ರಕ್ಕಿಂತ ಬಹಳ ಚುರುಕಿನ ಲೋಹ. ಆಮ್ಲ ಅದನ್ನು ನೇರವಾಗಿ ಕರಗಿಸಬಲ್ಲದು. ಹೊತ್ತು ಜಾಸ್ತಿಯಾದರೆ ಮೇಲ್ಮೈಯಿಂದ ಸತು ಹೊರಟುಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ಮೇಲೆ ಹೇಳಿದ ಸಮೀಕರಣದ ಪುಡಿ ತಾಮ್ರವೂ ಅದರ ಮೇಲೆ ಕೂರುತ್ತದೆ. ದೀಪ ಕೆಂಪಾಗುವುದು ಹೀಗೆ.

ಕೆಂಪಾಗಿಬಿಟ್ಟಿದ್ದರೆ ಗಾಬರಿ ಬೇಡ, ಮತ್ತೆ ಹುಳಿಯನ್ನಂತೂ ಹಚ್ಚಬೇಡಿ. ಆ ಕೆಂಪು ಈಗ ಆಕ್ಸೈಡ್ ಅಲ್ಲ, ಲೋಹವೇ. ಹುಳಿಗೆ ಅದು ಹೋಗುವುದಿಲ್ಲ, ಇನ್ನಷ್ಟು ಸತು ಹೋಗಿ ಇನ್ನೂ ಕೆಂಪಾಗುತ್ತದೆ. ನುಣ್ಣನೆಯ ಬೂದಿಯನ್ನು ಒದ್ದೆ ಬಟ್ಟೆಗೆ ತೆಗೆದುಕೊಂಡು ಉಜ್ಜಿ. ತೆಳುವಾದ ಕೆಂಪು ಪದರ ಸವೆದು ಕೆಳಗಿನ ಹಳದಿ ಕಾಣುತ್ತದೆ. ರಾತ್ರಿಯೆಲ್ಲ ನೆನೆದ ಪಾತ್ರೆಯಲ್ಲಿ ಕೆಂಪು ಆಳಕ್ಕೆ ಇಳಿದಿರುತ್ತದೆ. ಅದನ್ನು ಪಾಲಿಶ್ ಮಾಡುವ ಅಂಗಡಿಯ ಚಕ್ರಕ್ಕೆ ಕೊಡಬೇಕಾಗುತ್ತದೆ.

5. ತೊಳೆಯಿರಿ, ಹುಳಿ ಕೊಲ್ಲಿ, ಮತ್ತೆ ತೊಳೆಯಿರಿ

ಮಾರನೇ ದಿನವೇ ಮಂಕಾಗುವುದಕ್ಕೆ ಕಾರಣ ಬಹುತೇಕ ಈ ಹಂತವನ್ನು ಬಿಟ್ಟಿದ್ದು. ಹುಳಿ ತೊಳೆದ ತಾಮ್ರ ಬೆತ್ತಲೆ ಲೋಹ, ಕಾಪಾಡುವ ಪದರ ಯಾವುದೂ ಇಲ್ಲ. ಅದರ ಮೇಲೆ ಸ್ವಲ್ಪ ಹುಳಿ, ಸ್ವಲ್ಪ ಉಪ್ಪು, ಸ್ವಲ್ಪ ತೇವ ಉಳಿದರೆ ಗಾಳಿಯ ಆಮ್ಲಜನಕ ರಾತ್ರಿ ಬೆಳಗಾಗುವುದರೊಳಗೆ ಕೆಲಸ ಮುಗಿಸುತ್ತದೆ. ಉಪ್ಪಿನ ಕ್ಲೋರೈಡ್ ಅಂತೂ ಕೆತ್ತನೆಯ ಸಂದಿಯಲ್ಲಿ, ಬೆಸುಗೆಯ ಗೆರೆಯಲ್ಲಿ ಉಳಿದರೆ ತಾಮ್ರದ ಜೊತೆ ಸೇರಿ ಅಲ್ಲೇ ಕೂರುತ್ತದೆ. ತೇವ ಸಿಕ್ಕಾಗಲೆಲ್ಲ ಹಸಿರು ಪುಡಿಯಾಗಿ ಎದ್ದು ಬರುತ್ತದೆ.

ಧಾರಾಳ ನೀರಿನಲ್ಲಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕಲಸಿ ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಸಂದಿಗೆ ಬ್ರಷ್ ಆಡಿಸಿ. ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ.

ಬೂದಿ ಇದ್ದವರು ಸೋಡಾದ ಬದಲು ಬೂದಿಯಲ್ಲೇ ಕೈಯಾಡಿಸಬಹುದು. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ. ಉಳಿದ ಹುಳಿಯನ್ನು ಅದು ಕೊಲ್ಲುತ್ತದೆ, ಜೊತೆಗೆ ಮೇಲಿನ ಪುಡಿ ತಾಮ್ರವನ್ನು ಉಜ್ಜಿ ತೆಗೆದು ಹೊಳಪೂ ಕೊಡುತ್ತದೆ. ಮೊದಲು ಹುಣಸೆ, ಆಮೇಲೆ ಬೂದಿ ಅನ್ನುವ ನಮ್ಮ ಹಿತ್ತಿಲ ಕ್ರಮ ಎಷ್ಟು ಸರಿಯಾಗಿದೆ ನೋಡಿ. ಎರಡನ್ನೂ ಕಲಸಿಬಿಟ್ಟರೆ ಹುಳಿಯೂ ಸಾಯುತ್ತದೆ, ಕ್ಷಾರವೂ ಸಾಯುತ್ತದೆ. ಬೂದಿಯ ಬದಲು ರಂಗೋಲಿ ಪುಡಿ ತೆಗೆದುಕೊಳ್ಳುವವರು ಬೆರಳಲ್ಲಿ ಉಜ್ಜಿ ನೋಡಿ. ಮರಳಿನ ಹಾಗೆ ತರಿತರಿ ಅನ್ನಿಸಿದರೆ ಬೇಡ, ಗೀರು ಬೀಳುತ್ತದೆ.

6. ತಕ್ಷಣ ಒರೆಸಿ

ತಾನೇ ಒಣಗಲಿ ಅಂತ ಬೋರಲು ಹಾಕಬೇಡಿ. ಬೋರ್‌ವೆಲ್ ನೀರಾದರೆ ಹನಿ ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ, ಅದರ ಸುತ್ತ ಕಂದು ಉಂಗುರ ಬರುತ್ತದೆ. ಒಂದು ಬಟ್ಟೆಯಲ್ಲಿ ನೀರು ಹೀರಿಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ, ಹತ್ತು ನಿಮಿಷ ಬಿಸಿಲಿಗೆ ಇಡಿ. ಹೀಗೆ ಮಾಡಿದರೂ ತಾಮ್ರ ನಿಧಾನಕ್ಕೆ ಬಣ್ಣ ತಿರುಗೇ ತಿರುಗುತ್ತದೆ. ಕಾರವಾರ, ಮಂಗಳೂರಿನಂಥ ಕಡಲ ಪಕ್ಕದ ಊರಿನಲ್ಲಿ ಗಾಳಿಯಲ್ಲೇ ಉಪ್ಪು ಇರುವುದರಿಂದ ಬಯಲುಸೀಮೆಗಿಂತ ಬೇಗ ತಿರುಗುತ್ತದೆ.

ನೀರು ಕುಡಿಯುವ ಚೊಂಬಿನ ಒಳಗೆ

ಒಳಗೂ ಇದೇ ಕ್ರಮ, ಉಪ್ಪು ಕಡಿಮೆ. ಹುಳಿ ಉಳಿದರೆ ಅದು ಕರಗಿಸಿದ ತಾಮ್ರ ನೇರ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ತೊಳೆದ ಮೇಲೆ ಒಮ್ಮೆ ನೀರು ತುಂಬಿ, ಒಂದು ಗಂಟೆ ಬಿಟ್ಟು ಚೆಲ್ಲಿ, ಆಮೇಲೆ ಬಳಸಿ. ಪಾನಕ, ಮಜ್ಜಿಗೆ, ಸಾರು ಇವನ್ನು ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆಯಲ್ಲಿ ಇಡಲೇಬಾರದು. ಪಾತ್ರೆ ತೊಳೆಯುವಾಗ ಆದ ಅದೇ ಕ್ರಿಯೆ ಅಲ್ಲೂ ಆಗುತ್ತದೆ, ಕರಗಿದ ತಾಮ್ರ ಹೊಟ್ಟೆಗೆ ಹೋಗುತ್ತದೆ. ಕಲಾಯಿ ಇರುವ ಪಾತ್ರೆಯ ಒಳಗನ್ನು ಹುಣಸೆ, ಬೂದಿ ಹಾಕಿ ತಿಕ್ಕಬೇಡಿ. ಕಲಾಯಿ ಅಂದರೆ ತೆಳ್ಳಗೆ ಬಳಿದ ತವರ, ಮೆತ್ತಗಿನ ಲೋಹ, ಬೇಗ ಸವೆಯುತ್ತದೆ. ಮೆತ್ತನೆ ಬಟ್ಟೆ, ಸೋಪು ಸಾಕು.

ಹುಳಿ ಮುಟ್ಟಿಸಬಾರದ ಸಾಮಾನು

ಬೀದರಿನ ಬಿದ್ರಿ ಸಾಮಾನಿಗೆ ಹುಣಸೆ, ನಿಂಬೆ ಎರಡೂ ಬೇಡ. ಕಪ್ಪಾಗಿದೆ ಅಂತ ತೊಳೆಯಲು ಹೊರಟವರನ್ನು ಕಂಡಿದ್ದೇನೆ. ಆ ಕಪ್ಪು ಕೊಳೆಯಲ್ಲ, ಕಸುಬುದಾರರು ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಹಚ್ಚಿ ಬೇಕೆಂದೇ ತಂದ ಬಣ್ಣ. ಬಿದ್ರಿಯ ಮೈಲೋಹದಲ್ಲಿ ಹೆಚ್ಚಿನ ಪಾಲು ಸತು, ತಾಮ್ರ ಸ್ವಲ್ಪವೇ. ಹುಳಿ ತಾಗಿದರೆ ಕಪ್ಪು ಹೋಗಿ ಬೂದು ಕಲೆ ಬೀಳುತ್ತದೆ, ಬೆಳ್ಳಿಯ ಕುಸುರಿಯ ಸುತ್ತಲಿನ ಲೋಹ ಸವೆಯುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರಿ.

ತಲೆಮಾರುಗಳಿಂದ ಬಂದ ಹಳೆಯ ಕಂಚಿನ ಅಥವಾ ಪಂಚಲೋಹದ ವಿಗ್ರಹದ ಮೇಲೆ ನಯವಾಗಿ, ಗಟ್ಟಿಯಾಗಿ ಕೂತ ಕಂದು-ಹಸಿರು ಪದರವನ್ನೂ ಹಾಗೇ ಬಿಡಿ. ಆ ಪದರವೇ ಒಳಗಿನ ಲೋಹವನ್ನು ಕಾಯುತ್ತಿದೆ, ಒಮ್ಮೆ ಹೋದರೆ ಮೂಗು-ಕಣ್ಣಿನ ಸೂಕ್ಷ್ಮ ಗೆರೆಗಳೂ ಅದರ ಜೊತೆ ಸವೆಯುತ್ತವೆ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ಬೇರೆ. ಅದು ಕ್ಲೋರೈಡ್ ಒಳಗೆ ಕೊರೆಯುತ್ತಿರುವ ಗುರುತು. ಅಂಥ ವಿಗ್ರಹವನ್ನು ಒಣ ಜಾಗದಲ್ಲಿಟ್ಟು ವಸ್ತುಸಂಗ್ರಹಾಲಯದ ಸಂರಕ್ಷಣೆಯ ಕೆಲಸ ಬಲ್ಲವರಿಗೆ ತೋರಿಸಿ.